34 ಮಕ್ಕಳು ಸೇರಿ ಒಂದು ಸೋಡಿಯಂ

ಒಂದು ಸೋಡಿಯಂ ಪರಮಾಣು ಆಗಲು 34 ಮಕ್ಕಳು ಬೇಕು. 11 ಮಂದಿ ಪ್ರೋಟಾನ್, 12 ಮಂದಿ ನ್ಯೂಟ್ರಾನ್, 11 ಮಂದಿ ಎಲೆಕ್ಟ್ರಾನ್. ಪ್ರೌಢಶಾಲೆಯ ಒಂದು ತರಗತಿಗೆ ಹೆಚ್ಚುಕಡಿಮೆ ಹೊಂದುವ ಲೆಕ್ಕವಿದು. ಆದ್ದರಿಂದಲೇ ಪರಮಾಣುವಿನ ಪಾಠವನ್ನು ಆಡಿ ತೋರಿಸಲು ಸೋಡಿಯಂ ಬಲು ಅನುಕೂಲ.

ಅಂಗಳದಲ್ಲಿ ಸುಣ್ಣದ ಪುಡಿಯಿಂದ ಒಂದರ ಹೊರಗೊಂದು ಮೂರು ವೃತ್ತ ಎಳೆಯಬೇಕು. ಪ್ರೋಟಾನ್ ಮಕ್ಕಳ ಕೊರಳಿಗೆ ಕೂಡುವ ಗುರುತಿನ ರಟ್ಟು, ಎಲೆಕ್ಟ್ರಾನ್‌ಗಳಿಗೆ ಕಳೆಯುವ ಗುರುತಿನ ರಟ್ಟು, ನ್ಯೂಟ್ರಾನ್‌ಗಳಿಗೆ ಖಾಲಿ ರಟ್ಟು. ಪ್ರೋಟಾನ್, ನ್ಯೂಟ್ರಾನ್ ಎರಡೂ ಬಳಗ ನಡುವೆ ಬೆರೆತು, ಕೈಕೈ ಹಿಡಿದು ಒತ್ತೊತ್ತಾಗಿ ನಿಲ್ಲುತ್ತವೆ. ಇದು ನ್ಯೂಕ್ಲಿಯಸ್. ಎಲೆಕ್ಟ್ರಾನ್‌ಗಳಲ್ಲಿ ಒಳ ವೃತ್ತಕ್ಕೆ 2, ನಡುವಿನದಕ್ಕೆ 8 ಮಂದಿ ಹೋದರೆ ಕೊನೆಗೆ ಒಬ್ಬಳು ಉಳಿಯುತ್ತಾಳೆ. ಮೂರನೆಯ ವೃತ್ತದಲ್ಲಿ ಅವಳೊಬ್ಬಳೇ. ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಸ್ಲೇಟು ಹಿಡಿದು ಲೆಕ್ಕ ಬರೆಯುತ್ತಾನೆ: ಧನ 11, ಋಣ 11, ಒಟ್ಟು ಸೊನ್ನೆ.

ಈಗ ಕ್ಲೋರಿನ್ ಬರಬೇಕು. ಅದನ್ನೂ ಪೂರ್ತಿ ಕಟ್ಟಲು ಹೊರಟರೆ ಇನ್ನೂ 50ಕ್ಕೂ ಹೆಚ್ಚು ಮಕ್ಕಳು ಬೇಕಾಗುತ್ತದೆ. ಅದಕ್ಕೆ ‘2, 8, 7’ ಎಂದು ಬರೆದ ಫಲಕ ಹಿಡಿದ ಒಬ್ಬ ಹುಡುಗ ಸಾಕು. ಮೂರನೆಯ ವೃತ್ತದ ಹುಡುಗಿ ಅವನ ಕಡೆ ನಡೆದು ಹೋಗುತ್ತಾಳೆ. ಆಟದ ತಿರುಳಿರುವುದು ಇಲ್ಲೇ. ಅವಳು ಹೋದ ಕೂಡಲೇ ಮೇಷ್ಟ್ರು ಕೇಳಬೇಕು: “ಈಗ ನಮ್ಮ ಸೋಡಿಯಂ ಮೇಲಿನ ಆವೇಶ ಎಷ್ಟು?”

“ಒಂದು ಕಳಕೊಂಡಿತಲ್ಲ ಸಾರ್, ಮೈನಸ್ ಒಂದು” ಎಂಬ ಉತ್ತರ ಬಂದೇ ಬರುತ್ತದೆ. ಬೈಯುವುದು ಬೇಡ. ಸ್ಲೇಟಿನವನು ಮತ್ತೆ ತಲೆ ಎಣಿಸಲಿ. ನಡುವೆ ನಿಂತ ಪ್ರೋಟಾನ್‌ಗಳಲ್ಲಿ ಒಬ್ಬರೂ ಕದಲಿಲ್ಲ, ಅವು 11. ವೃತ್ತಗಳಲ್ಲಿ ಉಳಿದ ಎಲೆಕ್ಟ್ರಾನ್‌ಗಳು 10. ಒಟ್ಟು ಧನ ಒಂದು. ಅಯಾನಿಗೆ ಧನಾವೇಶ ಹೊರಗಿನಿಂದ ಬಂದದ್ದಲ್ಲ. ಮೊದಲೇ ಇದ್ದ ಒಂದು ಪ್ರೋಟಾನಿಗೆ ಜೋಡಿ ಇಲ್ಲದಂತಾಯಿತು, ಅಷ್ಟೇ. ಅತ್ತ ಕ್ಲೋರಿನ್ನಿಗೆ ಋಣ ಒಂದು. ಇವೆರಡರ ಆಕರ್ಷಣೆಯೇ ನಮ್ಮ ಅಡುಗೆಮನೆಯ ಉಪ್ಪು. ಹುಡುಗಿ ಹೋದ ಮೇಲೆ ಖಾಲಿಯಾದ ಮೂರನೆಯ ವೃತ್ತವನ್ನು ಕಾಲಲ್ಲಿ ಅಳಿಸಿಬಿಡಬೇಕು. ಸೋಡಿಯಂ ಅಯಾನು ಪರಮಾಣುವಿನ ಅರ್ಧಕ್ಕಿಂತ ತುಸು ದೊಡ್ಡದು, ಅಷ್ಟೇ. ಕುಗ್ಗಿದ್ದು ಆಗ ಕಣ್ಣಿಗೇ ಕಾಣುತ್ತದೆ.

ಆಮೇಲೆ ಬೇಕೆಂದೇ ತಪ್ಪು ಆಡಿಸಬೇಕು. ಎಲೆಕ್ಟ್ರಾನ್ ಬದಲು ಒಬ್ಬ ಪ್ರೋಟಾನ್ ಹೊರಗೆ ಹೋದರೆ? ಉಳಿದದ್ದು 10 ಪ್ರೋಟಾನ್. ಅದು ಸೋಡಿಯಂ ಅಲ್ಲವೇ ಅಲ್ಲ, ನಿಯಾನ್. ಒಬ್ಬ ನ್ಯೂಟ್ರಾನ್ ಹೋದರೆ? ಸೋಡಿಯಮ್ಮೇ, ಆದರೆ ಹಗುರಾದ ಸೋಡಿಯಂ-22, ವಿಕಿರಣ ಸೂಸುವ ಬಗೆ. ಧಾತುವಿನ ಹೆಸರನ್ನು ಪ್ರೋಟಾನ್, ತೂಕವನ್ನು ನ್ಯೂಟ್ರಾನ್, ಆವೇಶವನ್ನು ಎಲೆಕ್ಟ್ರಾನ್ ಬದಲಿಸುತ್ತದೆ ಎಂಬುದು ಮೂರು ಸಲ ಆಡಿದರೆ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಈ ರೂಪಕದಲ್ಲಿ ಸಾಮಾನ್ಯವಾಗಿ ನುಸುಳುವ ಒಂದು ಸುಳ್ಳಿದೆ. “ನನಗೆ ಈ ಎಲೆಕ್ಟ್ರಾನ್ ಬೇಡ, ತಗೋ” ಎಂದು ಸೋಡಿಯಂ ಸಂತೋಷದಿಂದ ದಾನ ಕೊಡುವಂತೆ ಮಾತು ಬರೆಯುತ್ತಾರೆ. ನಿಜದಲ್ಲಿ ಆ ಎಲೆಕ್ಟ್ರಾನನ್ನು ಕೀಳಲು ಶಕ್ತಿ ವ್ಯಯವಾಗುತ್ತದೆ. ಕ್ಲೋರಿನ್ ಅದನ್ನು ಪಡೆದಾಗ ಹೊಮ್ಮುವ ಶಕ್ತಿ ಆ ಖರ್ಚನ್ನು ತುಂಬುವುದಿಲ್ಲ. ಹುಟ್ಟಿದ ಅಯಾನುಗಳು ಉಪ್ಪಿನ ಹರಳಾಗಿ ಒಂದನ್ನೊಂದು ಅಪ್ಪಿದಾಗ ಹೊಮ್ಮುವ ಶಕ್ತಿಯೇ ಕೊರತೆಯನ್ನು ತುಂಬಿ, ಮಿಗುತ್ತದೆ. ಆದ್ದರಿಂದ ಹೊರಗಿನ ಹುಡುಗಿಯ ಕೈಗೆ ಹಗ್ಗ ಕೊಟ್ಟು ನ್ಯೂಕ್ಲಿಯಸ್ ಕಡೆಯವರು ಮೆಲ್ಲನೆ ಎಳೆಯಲಿ, ಕ್ಲೋರಿನ್ ಬಲವಾಗಿ ಎಳೆಯಲಿ. ಒಳಗಿನ 10 ಎಲೆಕ್ಟ್ರಾನ್‌ಗಳು ಅಡ್ಡ ನಿಂತಿರುವುದರಿಂದ ಅವಳ ಮೇಲೆ ಕೇಂದ್ರದ ಹಿಡಿತ ಸಡಿಲ. ಎರಡನೆಯ ವೃತ್ತದವರ ಮೇಲೆ ಆ ಹಿಡಿತ ಗಟ್ಟಿ. ಅಲ್ಲಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಲು ಮೊದಲನೆಯದಕ್ಕಿಂತ ಸುಮಾರು 9 ಪಟ್ಟು ಶಕ್ತಿ ಬೇಕು. ಸೋಡಿಯಂ ಒಂದಕ್ಕೇ ನಿಲ್ಲುವುದು ಇದರಿಂದ.

ಅಂಗಳದಲ್ಲಿ ತೋರಿಸಲಾಗದ್ದನ್ನು ಬಾಯಲ್ಲಿ ಹೇಳಬೇಕು. ಎಲೆಕ್ಟ್ರಾನ್‌ಗಳು ಹೀಗೆ ಗೆರೆ ಹಿಡಿದು ಸುತ್ತುವುದಿಲ್ಲ. ವೃತ್ತಗಳು ಎಣಿಕೆಗಾಗಿ ಎಳೆದ ಗುರುತು. ದೂರವೂ ಸುಳ್ಳು. ನ್ಯೂಕ್ಲಿಯಸ್ ಗುಂಪು 3 ಮೀಟರ್ ಅಗಲವಾಗಿ ಬೆಂಗಳೂರಿನ ಶಾಲೆಯಲ್ಲಿ ನಿಂತಿದ್ದರೆ, ಹೊರಗಿನ ಹುಡುಗಿ ನಿಂತಿರಬೇಕಾದದ್ದು ತುಮಕೂರಿನ ಆಸುಪಾಸಿನಲ್ಲಿ.

ಆಟ ಮುಗಿದ ಮೇಲೆ ಚಪ್ಪಾಳೆಗಿಂತ ಮೊದಲು ಒಂದು ಪರೀಕ್ಷೆ ಇರಲಿ. ಮೆಗ್ನೀಸಿಯಂ ಅಯಾನಿನಲ್ಲಿ 12 ಪ್ರೋಟಾನ್, 10 ಎಲೆಕ್ಟ್ರಾನ್ ಇವೆ ಎಂದಷ್ಟೇ ಹೇಳಿ ಆವೇಶ ಕೇಳಿ. ಯಾರ ನೆರವೂ ಇಲ್ಲದೆ “ಧನ ಎರಡು” ಎಂದ ಮಗುವಿಗೆ ಅಯಾನು ಅರ್ಥವಾಗಿದೆ.