ಗೆದ್ದರೂ ಸೀಟು ಸಿಗದ ಕೇಸು

ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಗೆದ್ದವರು ಯಾರು ಎಂದು ಕಾನೂನು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ‘ಅರ್ಜಿದಾರಳೇ, ಶಿಕ್ಷಣ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತಲ್ಲ’ ಎಂಬ ಉತ್ತರ ತಟ್ಟನೆ ಬರುತ್ತದೆ. ಹಾಗಾದರೆ ಆಕೆಗೆ ಮೆಡಿಕಲ್ ಸೀಟು ಸಿಕ್ಕಿತೇ ಎಂದರೆ ಹಲವರು ತಡವರಿಸುತ್ತಾರೆ. ಸಿಗಲಿಲ್ಲ. ಸರ್ಕಾರದ ಅಧಿಸೂಚನೆ ರದ್ದಾಯಿತು, ಆದರೆ ಅದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಗೆ ಪ್ರವೇಶ ಕೊಡಿ ಎಂದು ಕೋರ್ಟ್ ಹೇಳಲಿಲ್ಲ. ಇದು ಗೊತ್ತಾಗುವುದು ತೀರ್ಪಿನ ಕೊನೆಯ ಭಾಗ ಓದಿದವರಿಗೆ ಮಾತ್ರ.

ತೀರ್ಪನ್ನು ಒಂದು ಒಂದೂವರೆ ಪುಟಕ್ಕೆ ಇಳಿಸಿ, ಸಂಗತಿ, ವಿವಾದಾಂಶ, ತರ್ಕ, ನಿರ್ಣಯ ಎಂದು ಬೇರೆ ಮಾಡಿ ಬರೆಯುವುದಕ್ಕೆ ಲಾ ಕಾಲೇಜುಗಳಲ್ಲಿ ಕೇಸ್ ಬ್ರೀಫ್ ಎನ್ನುತ್ತಾರೆ. ನಾಲ್ಕು ತಲೆಬರಹ ಹಾಕಿ ಹೆಡ್‌ನೋಟನ್ನು ಹಂಚಿಬಿಟ್ಟರೆ ಬ್ರೀಫ್ ಆಗುವುದಿಲ್ಲ. ಹೆಡ್‌ನೋಟ್ ಕಾನೂನು ವರದಿಯ ಸಂಪಾದಕರು ಬರೆದದ್ದು, ನ್ಯಾಯಾಧೀಶರ ಮಾತಲ್ಲ. ಬ್ರೀಫ್ ಬರೆಯುವವರು ಮಾಡಬೇಕಾದ ಕೆಲಸವೇ ಬೇರೆ: ತೀರ್ಪಿನಲ್ಲಿ ಹೇಳಿರುವ ನೂರಾರು ಮಾತುಗಳಲ್ಲಿ ಫಲಿತಾಂಶಕ್ಕೆ ಕಾರಣವಾದ ಮಾತು ಯಾವುದು, ಹಾಗೇ ಹೇಳಿಹೋದ ಮಾತು ಯಾವುದು ಎಂದು ವಿಂಗಡಿಸಬೇಕು. ಮೋಹಿನಿ ಜೈನ್ ತೀರ್ಪನ್ನೇ ಇಟ್ಟುಕೊಂಡು ಅದನ್ನು ಮಾಡಿ ನೋಡೋಣ. ತೀರ್ಪಿನ ದಿನಾಂಕ 30 ಜುಲೈ 1992. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್.

ಓದಲು ಶುರು ಮಾಡಬೇಕಾದ್ದು ಕೊನೆಯಿಂದ. ಕೋರ್ಟ್ ಅಂತಿಮವಾಗಿ ಏನು ಆದೇಶ ಮಾಡಿತು ಎಂದು ಮೊದಲು ತಿಳಿದುಕೊಂಡರೆ, ಆ ಆದೇಶಕ್ಕೆ ಯಾವ ಸಂಗತಿ ಬೇಕಿತ್ತು ಎಂದು ಹಿಂದಕ್ಕೆ ಹುಡುಕಬಹುದು. ಇಲ್ಲಿ ಆದೇಶ ಮೂರು ತುಂಡು. ಅಧಿಸೂಚನೆಯ ಪ್ರಶ್ನಿತ ಭಾಗ ರದ್ದು. ತೀರ್ಪು ಮುಂದಿನ ಪ್ರವೇಶಗಳಿಗೆ ಮಾತ್ರ, ಆಗಲೇ ಹಣ ಕಟ್ಟಿ ಸೇರಿದವರಿಗೆ ತೊಂದರೆಯಿಲ್ಲ. ಅರ್ಜಿದಾರರಿಗೆ ಪ್ರವೇಶ ಇಲ್ಲ, ಏಕೆಂದರೆ ಆಕೆ ಮೆರಿಟ್ ಮೇಲೆ ಆಯ್ಕೆಯಾದವರಲ್ಲ, ಕೋರ್ಸ್ ಕೂಡ 1991ರ ಮಾರ್ಚ್–ಏಪ್ರಿಲ್‌ನಲ್ಲೇ ಶುರುವಾಗಿಬಿಟ್ಟಿತ್ತು.

ಈಗ ಸಂಗತಿಗಳಿಗೆ ಬರೋಣ. ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿ ತುಮಕೂರಿನ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜಿಗೆ 1991ರಲ್ಲಿ ಎಂಬಿಬಿಎಸ್ ಸೇರಲು ಅರ್ಜಿ ಹಾಕುತ್ತಾರೆ. ಮೊದಲ ವರ್ಷದ ಶುಲ್ಕ 60,000 ರೂ. ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದು ಕಾಲೇಜು ಹೇಳುತ್ತದೆ. ಅಷ್ಟು ಹಣ ಕೊಡಲು ತಂದೆಗೆ ಆಗುವುದಿಲ್ಲ, ಸೀಟು ಕೈತಪ್ಪುತ್ತದೆ. ಕಾಲೇಜು ಕೇಳಿದ ಮೊತ್ತ ಸರ್ಕಾರ 5 ಜೂನ್ 1989ರಂದು ಹೊರಡಿಸಿದ್ದ ಅಧಿಸೂಚನೆಯಲ್ಲೇ ಇತ್ತು. ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂ., ಉಳಿದ ಕರ್ನಾಟಕದವರಿಗೆ 25,000 ರೂ. ಮೀರದಂತೆ, ಹೊರರಾಜ್ಯದವರಿಗೆ 60,000 ರೂ. ಮೀರದಂತೆ. ಇನ್ನೊಂದು ಕಡೆ, ಕ್ಯಾಪಿಟೇಶನ್ ಫೀ ವಸೂಲಿಯನ್ನು ನಿಷೇಧಿಸುವ 1984ರ ಕಾಯ್ದೆ ಇದೇ ರಾಜ್ಯದಲ್ಲಿ ಜಾರಿಯಲ್ಲಿತ್ತು. ಜನ ಡೊನೇಷನ್ ಎನ್ನುವುದು ಇದನ್ನೇ. ಆಕೆ ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಒಂದೊಂದೇ ಸಂಗತಿಯನ್ನು ಬದಲಿಸಿ ನೋಡಿ, ಫಲಿತಾಂಶ ಅಲುಗಾಡಿದರೆ ಅದು ಮುಖ್ಯ ಸಂಗತಿ. ಮೀರತ್ ಬದಲು ಪುಣೆ ಎಂದರೆ ಏನೂ ಆಗುವುದಿಲ್ಲ, ಆದರೆ ‘ಹೊರರಾಜ್ಯದವರು’ ಎಂಬುದನ್ನು ತೆಗೆದರೆ 60,000ದ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ಬ್ರೀಫಿನಲ್ಲಿ ಊರಿನ ಹೆಸರಿಲ್ಲದಿದ್ದರೂ ನಡೆಯುತ್ತದೆ, ವರ್ಗ ಇರಲೇಬೇಕು. ಕಾಲೇಜು ಖಾಸಗಿಯದು, ಆದರೆ ಸರ್ಕಾರದ ಮಾನ್ಯತೆ ಪಡೆದದ್ದು ಎಂಬುದೂ ಇರಬೇಕು. ಏಕೆ ಎಂಬುದು ತರ್ಕದ ಭಾಗಕ್ಕೆ ಬಂದಾಗ ತಿಳಿಯುತ್ತದೆ.

ವಿದ್ಯಾರ್ಥಿಗಳು ಎಡವುವ ಒಂದು ಜಾಗ ಇಲ್ಲೇ ಇದೆ. 60,000ದ ಮೇಲೆ ಇನ್ನೂ ನಾಲ್ಕೂವರೆ ಲಕ್ಷ ರೂ. ಕೇಳಿದರು ಎಂದು ಅರ್ಜಿಯಲ್ಲಿ ಆರೋಪವಿತ್ತು. ಕಾಲೇಜು ಅದನ್ನು ಅಲ್ಲಗಳೆಯಿತು. ಕಣ್ಣು ಕುಕ್ಕುವ ಮೊತ್ತವಾದ್ದರಿಂದ ಬಹಳ ಬ್ರೀಫುಗಳಲ್ಲಿ ಇದು ‘ಸಂಗತಿ’ಯಾಗಿ ಕೂತುಬಿಡುತ್ತದೆ. ರಿಟ್ ಅರ್ಜಿ ನಡೆಯುವುದು ಸಾಮಾನ್ಯವಾಗಿ ಅಫಿಡವಿಟ್‌ಗಳ ಮೇಲೆ. ಸಾಕ್ಷಿಯನ್ನು ಕರೆಸಿ ಪಾಟೀಸವಾಲು ಮಾಡಿ ಯಾರು ನಿಜ ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ವಿಚಾರಣೆ ಅದಲ್ಲ. ಕೋರ್ಟಿನ ತೀರ್ಮಾನ ಎರಡೂ ಕಡೆಯವರು ಒಪ್ಪುವ ಕಾಗದದ ಮೇಲೆ, ಅಂದರೆ ಅಧಿಸೂಚನೆಯ ಮೇಲೆ ನಿಂತಿತು. ನಾಲ್ಕೂವರೆ ಲಕ್ಷದ ಮಾತು ಸುಳ್ಳಾಗಿದ್ದರೂ ತೀರ್ಪು ಬದಲಾಗುತ್ತಿರಲಿಲ್ಲ. ಬರೆಯಲೇಬೇಕೆಂದಿದ್ದರೆ ‘ಆರೋಪ, ಕಾಲೇಜಿನ ನಿರಾಕರಣೆ’ ಎಂದೇ ಬರೆಯಬೇಕು.

ವಿವಾದಾಂಶಗಳನ್ನು ಈ ತೀರ್ಪಿನಲ್ಲಿ ಕೋರ್ಟೇ ಬಿಡಿಸಿ ಕೊಟ್ಟಿದೆ. ಎಲ್ಲ ತೀರ್ಪುಗಳಲ್ಲೂ ಈ ಅನುಕೂಲ ಇರುವುದಿಲ್ಲ. ಶಿಕ್ಷಣದ ಹಕ್ಕು ಸಂವಿಧಾನದಲ್ಲಿದೆಯೇ, ಇದ್ದರೆ ಕ್ಯಾಪಿಟೇಶನ್ ಫೀ ಅದನ್ನು ಮುರಿಯುತ್ತದೆಯೇ. ಹಾಗೆ ವಸೂಲು ಮಾಡುವುದು 14ನೇ ವಿಧಿಗೆ ವಿರುದ್ಧವೇ. ಶುಲ್ಕ ನಿಯಂತ್ರಣದ ಹೆಸರಿನಲ್ಲಿ ಅಧಿಸೂಚನೆ ಕ್ಯಾಪಿಟೇಶನ್ ಫೀಗೇ ದಾರಿ ಮಾಡಿದೆಯೇ. ಅದು 1984ರ ಕಾಯ್ದೆಗೇ ವಿರುದ್ಧವೇ. ಇದನ್ನು ‘ಶಿಕ್ಷಣ ಮೂಲಭೂತ ಹಕ್ಕೇ?’ ಎಂಬ ಒಂದು ಸಾಲಿಗೆ ಇಳಿಸಿದರೆ ಕೇಸೇ ಕಳೆದುಹೋಗುತ್ತದೆ. ವಿವಾದಾಂಶದಲ್ಲಿ ಕಾನೂನೂ ಇರಬೇಕು, ಈ ಪ್ರಕರಣದ ಸಂಗತಿಯೂ ಇರಬೇಕು, ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರಬೇಕು. ನಾನಾದರೆ ಹೀಗೆ ಬರೆಯುತ್ತೇನೆ: ‘ಕ್ಯಾಪಿಟೇಶನ್ ಫೀ ನಿಷೇಧಿಸುವ ಕಾಯ್ದೆ ಇರುವಾಗ, ಸರ್ಕಾರಿ ಸೀಟಿಗೆ 2,000 ರೂ. ಶುಲ್ಕವಿರುವ ಖಾಸಗಿ ಮೆಡಿಕಲ್ ಕಾಲೇಜು ಹೊರರಾಜ್ಯದವರಿಂದ 60,000 ರೂ.ವರೆಗೆ ಪಡೆಯಬಹುದು ಎನ್ನುವ ಅಧಿಸೂಚನೆ ಸಂವಿಧಾನಕ್ಕೂ ಆ ಕಾಯ್ದೆಗೂ ವಿರುದ್ಧವೇ?’

ತರ್ಕದ ಭಾಗ ಸುಲಭವಲ್ಲ, ಹೆಚ್ಚು ಹೊತ್ತು ಕೂರಬೇಕಾದ್ದೂ ಇಲ್ಲೇ. ಕೋರ್ಟ್ ಎರಡು ದಾರಿಯಲ್ಲಿ ನಡೆದಿದೆ. ಒಂದು ಸಂವಿಧಾನದ ದಾರಿ. 21ನೇ ವಿಧಿಯ ಜೀವಿಸುವ ಹಕ್ಕು ಎಂದರೆ ಘನತೆಯಿಂದ ಬದುಕುವ ಹಕ್ಕು, ಶಿಕ್ಷಣವಿಲ್ಲದೆ ಆ ಘನತೆ ಇಲ್ಲ, ರಾಜ್ಯನೀತಿ ನಿರ್ದೇಶಕ ತತ್ವಗಳೂ ಅದನ್ನೇ ಹೇಳುತ್ತವೆ. ಆದ್ದರಿಂದ ಶಿಕ್ಷಣ ಕೊಡಿಸುವುದು ಸರ್ಕಾರದ ಹೊಣೆ. ಆದರೆ ಹಣ ಕೇಳಿದ್ದು ಸರ್ಕಾರವಲ್ಲ, ಖಾಸಗಿ ಕಾಲೇಜು. ಈ ಕೊಂಡಿ ಬಿಟ್ಟರೆ ವಾದ ಕುಸಿಯುತ್ತದೆ. ಕೋರ್ಟ್ ಅದನ್ನು ಹೀಗೆ ಜೋಡಿಸಿತು: ಸರ್ಕಾರ ಖಾಸಗಿ ಸಂಸ್ಥೆಗೆ ಮಾನ್ಯತೆ ಕೊಡುವುದು ತನ್ನ ಹೊಣೆಯನ್ನು ಅದರ ಮೂಲಕ ನೆರವೇರಿಸಲು, ಹಾಗಾಗಿ ಆ ಸಂಸ್ಥೆಯೂ ಸಂವಿಧಾನದ ಕಟ್ಟಿಗೆ ಒಳಪಟ್ಟಿದೆ. ‘ಮಾನ್ಯತೆ ಪಡೆದದ್ದು’ ಎಂಬ ಸಂಗತಿಯನ್ನು ಉಳಿಸಿಕೊಂಡದ್ದು ಇದಕ್ಕಾಗಿ. ದುಡ್ಡಿದ್ದವರಿಗೆ ಸೀಟು, ಮೆರಿಟ್ ಇದ್ದೂ ದುಡ್ಡಿಲ್ಲದವರಿಗೆ ಇಲ್ಲ ಎನ್ನುವುದು ಮನಬಂದಂತೆ ನಡೆದುಕೊಂಡಂತೆ, ಅದು 14ನೇ ವಿಧಿಗೆ ವಿರುದ್ಧ ಎಂಬುದು ಇದೇ ದಾರಿಯ ಮುಂದಿನ ಹೆಜ್ಜೆ.

ಎರಡನೆಯದು ಕಾಯ್ದೆಯ ದಾರಿ. ಇಲ್ಲೊಂದು ಗಂಟು ಇದೆ. ಕಾಯ್ದೆಯ ಪ್ರಕಾರ ಕ್ಯಾಪಿಟೇಶನ್ ಫೀ ಎಂದರೆ ನಿಗದಿಪಡಿಸಿದ ಶುಲ್ಕಕ್ಕಿಂತ ಹೆಚ್ಚಾಗಿ, ಯಾವ ಹೆಸರಿನಲ್ಲಾದರೂ ಪಡೆದ ಹಣ. ಶುಲ್ಕ ನಿಗದಿಪಡಿಸುವ ಅಧಿಕಾರ ಸರ್ಕಾರದ್ದು. ಸರ್ಕಾರವೇ 60,000 ಎಂದು ನಿಗದಿ ಮಾಡಿದ ಮೇಲೆ ‘ಹೆಚ್ಚು’ ಎಲ್ಲಿಂದ ಬಂತು? ಕೋರ್ಟಿನ ಉತ್ತರ: ಮೆರಿಟ್ ವಿದ್ಯಾರ್ಥಿಗೆ ಅದೇ ಕಾಲೇಜಿನಲ್ಲಿ 2,000 ಬೋಧನಾ ಶುಲ್ಕ ಎಂದಾದರೆ, ನಿಜವಾದ ಬೋಧನಾ ಶುಲ್ಕ ಅಷ್ಟೇ. ಅದರ ಮೇಲಿನದು ಕ್ಯಾಪಿಟೇಶನ್ ಫೀ, ಅಧಿಸೂಚನೆ ಅದನ್ನು ಏನೇ ಕರೆಯಲಿ. ಸರ್ಕಾರದ ನೆರವಿಲ್ಲ, ಸರ್ಕಾರಿ ಸೀಟಿನ ಕಡಿಮೆ ಶುಲ್ಕದ ಹೊರೆಯನ್ನು ಉಳಿದವರೇ ಹೊರಬೇಕು ಎಂಬ ಖಾಸಗಿ ಕಾಲೇಜುಗಳ ವಾದ ನಿಲ್ಲಲಿಲ್ಲ. ಬ್ರೀಫಿನಲ್ಲಿ ಸೋತ ವಾದವನ್ನೂ ಒಂದು ಸಾಲಿನಲ್ಲಿ ಬರೆದಿಡಿ, ಮುಂದೆ ಅದಕ್ಕೆ ಕೆಲಸವಿದೆ.

ಅಡ್ಡ ಬಂದ ಹಳೆಯ ತೀರ್ಪನ್ನು ಏನು ಮಾಡಿದರು ಎಂಬುದೂ ತರ್ಕದ ಭಾಗವೇ. 1955ರ ಡಿ.ಪಿ. ಜೋಶಿ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಇಂದೋರಿನ ಮೆಡಿಕಲ್ ಕಾಲೇಜು ಹೊರಗಿನವರಿಂದ ಕ್ಯಾಪಿಟೇಶನ್ ಫೀ ಪಡೆಯುವುದನ್ನು ಬಹುಮತದಿಂದ ಎತ್ತಿಹಿಡಿದಿತ್ತು. ಇಬ್ಬರ ಪೀಠ ಐವರ ತೀರ್ಪನ್ನು ತಪ್ಪೆನ್ನುವಂತಿಲ್ಲ. ಅಲ್ಲಿ ಎದ್ದದ್ದು ನಿವಾಸದ ಆಧಾರದ ತಾರತಮ್ಯದ ಪ್ರಶ್ನೆ, ಇಲ್ಲಿಯ ಪ್ರಶ್ನೆ ಬೇರೆ ಎಂದು ಬದಿಗೆ ಸರಿಸಿತು. ಪಕ್ಕದಲ್ಲಿ ‘ರದ್ದು ಮಾಡಿಲ್ಲ, ವ್ಯತ್ಯಾಸ ತೋರಿಸಿದೆ’ ಎಂದು ಬರೆಯಬೇಕು. ಪರೀಕ್ಷೆಯಲ್ಲಿ ಈ ಎರಡನ್ನು ಕಲಸುವವರು ಬಹಳ.

ಈಗ ನಿರ್ಣಯ ಎರಡು ಭಾಗವಾಗಿ ಬರೆಯಲು ಬರುತ್ತದೆ. ಕಾನೂನಿನ ನಿಯಮ: ಮಾನ್ಯತೆ ಪಡೆದ ಸಂಸ್ಥೆ ಪ್ರವೇಶಕ್ಕಾಗಿ ಕ್ಯಾಪಿಟೇಶನ್ ಫೀ ಪಡೆಯುವುದು ಶಿಕ್ಷಣದ ಹಕ್ಕಿಗೂ 14ನೇ ವಿಧಿಗೂ ವಿರುದ್ಧ, ಅದಕ್ಕೆ ಅವಕಾಶ ಕೊಟ್ಟ ಅಧಿಸೂಚನೆ ಕಾಯ್ದೆಗೂ ವಿರುದ್ಧ. ಪರಿಹಾರ: ಅಧಿಸೂಚನೆ ರದ್ದು, ಮುಂದಿನವರಿಗೆ ಮಾತ್ರ ಅನ್ವಯ, ಅರ್ಜಿದಾರರಿಗೆ ಪ್ರವೇಶವಿಲ್ಲ. ಶಿಕ್ಷಣದ ಹಕ್ಕು ಎಲ್ಲ ಹಂತಗಳಿಗೂ ಇದೆ ಎಂದೂ ತೀರ್ಪಿನಲ್ಲಿದೆ. ಕೋರ್ಟಿನ ಮುಂದಿದ್ದದ್ದು ಒಂದು ಮೆಡಿಕಲ್ ಸೀಟಿನ ಶುಲ್ಕ, ಮಾತು ಅದಕ್ಕಿಂತ ಅಗಲವಾಗಿದೆ. ನಾನು ಇದನ್ನು ನಿಯಮದ ಸಾಲಿಗೆ ಸೇರಿಸದೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಬ್ರೀಫಿನ ಕೆಳಗೆ ನಾಲ್ಕು ಸಾಲು ಜಾಗ ಬಿಡಿ, ನಂತರ ಏನಾಯಿತು ಎಂಬುದಕ್ಕೆ. ಆರು ತಿಂಗಳು ಕಳೆದಿತ್ತಷ್ಟೇ, 1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಆ ಅಗಲವಾದ ಮಾತನ್ನು ಕತ್ತರಿಸಿತು: ಹಕ್ಕು 14 ವರ್ಷದವರೆಗೆ, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು. ಖಾಸಗಿ ಕಾಲೇಜು ಸರ್ಕಾರಿ ಶುಲ್ಕವನ್ನಷ್ಟೇ ಪಡೆಯಬೇಕು ಎಂಬುದನ್ನೂ ಅದು ಒಪ್ಪದೆ, ಪೇಮೆಂಟ್ ಸೀಟುಗಳ ಯೋಜನೆಯನ್ನೇ ತಂದಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಾಧೀಶರು ಆ ಯೋಜನೆಯನ್ನೂ ತೆಗೆದುಹಾಕಿ, ನೆರವಿಲ್ಲದ ಸಂಸ್ಥೆಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟರು. 1992ರಲ್ಲಿ ಸೋತ ವಾದ ಇಲ್ಲಿ ಬಹುಮಟ್ಟಿಗೆ ಗೆದ್ದಿತು. ಕ್ಯಾಪಿಟೇಶನ್ ಫೀ ಕೂಡದು ಎಂಬುದು ಮಾತ್ರ ಹಾಗೇ ಉಳಿಯಿತು, ಆದರೆ 2,000ದ ಮೇಲಿನದೆಲ್ಲ ಕ್ಯಾಪಿಟೇಶನ್ ಎಂಬ ಲೆಕ್ಕ ಉಳಿಯಲಿಲ್ಲ. ಮೋಹಿನಿ ಜೈನ್ ಬ್ರೀಫಿನಲ್ಲಿ ಆ ಸಾಲಿನ ಮುಂದೆ ‘ಈಗ ಅನ್ವಯಿಸುವುದಿಲ್ಲ’ ಎಂದು ಬರೆದುಕೊಳ್ಳಬೇಕು.