ಬುತ್ತಿ ಬಿಟ್ಟು ಚಹಾ ಹಿಡಿದ ದಾದಿ

ಊರೆಲ್ಲ ಮಲಗಿದ ಹೊತ್ತಿನಲ್ಲಿ ಎಚ್ಚರವಿದ್ದು ದುಡಿಯುವವರು ನಮ್ಮ ಬಾಗಲಕೋಟೆ ಸೀಮೆಯಲ್ಲಿಯೂ ಸಾಕಷ್ಟು ಜನರಿದ್ದಾರೆ. ಅವರಲ್ಲಿ ದವಾಖಾನೆಯ ದಾದಿಯರ ಪಾಡು ಒಂದು ಬಗೆಯದು. ಇನ್ನೊಬ್ಬರ ಊಟ, ಔಷಧ, ನಿದ್ದೆಗಳ ಲೆಕ್ಕವನ್ನು ತಪ್ಪದೆ ಇಡುವ ಅವರು ತಮ್ಮ ಲೆಕ್ಕವನ್ನು ಮಾತ್ರ ಮರೆತುಬಿಡುತ್ತಾರೆ. ಅಂಥ ಒಬ್ಬ ದಾದಿಯ ಸಣ್ಣ ಕಥೆಯನ್ನು ಈ ಸಲ ನಮ್ಮ ಓದುಗರ ಮುಂದೆ ಇಡುತ್ತಿದ್ದೇವೆ. ದಾದಿಗೆ ಹೆಸರಿಟ್ಟಿಲ್ಲ, ದವಾಖಾನೆಗೂ ಹೆಸರಿಲ್ಲ. ಇದು ಕಥೆಯೇ ಸರಿ. ಆದರೆ ಇದರೊಳಗೆ ಬರುವ ದೇಹಧರ್ಮದ ಮಾತುಗಳು ಕಥೆಯಲ್ಲ.

ಆಕೆಯ ತವರು ಬಾದಾಮಿ, ಕೊಟ್ಟ ಮನೆ ಇಳಕಲ್ಲು. ಗಂಡ ಸೀರೆ ನೇಯುವವರು. ಆಕೆಗೆ ಹುನಗುಂದದ ಒಂದು ದವಾಖಾನೆಯಲ್ಲಿ ಕೆಲಸ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗಿನ ಪಾಳಿ ಬಂದಾಗ ಸಂಜೆ ಆರೂವರೆಗೆ ಮನೆ ಬಿಡಬೇಕು. ಮಕ್ಕಳಿಗೂ ಮಾವನವರಿಗೂ ಅಡಿಗೆ ಮಾಡಿಟ್ಟು, ತಾನು ಉಣ್ಣದೆ ಬಸ್ಸಿನ ನಿಲ್ದಾಣಕ್ಕೆ ಓಡುವುದು ರೂಢಿಯಾಗಿತ್ತು.

“ಎರಡ ರೊಟ್ಟಿ ಕಟ್ಟಿಕೊಡ್ತೀನಿ, ಒಯ್ಯವ್ವಾ,” ಎಂದು ಅತ್ತೆ ಹೇಳಿದರೆ, “ಬ್ಯಾಡ್ರಿ ಅತ್ತಿ, ಉಂಡರ ನಿದ್ದಿ ಬರತೈತಿ,” ಎಂಬುದೇ ಆಕೆಯ ಉತ್ತರ.

ಮಧ್ಯಾಹ್ನ ಒಂದು ಗಂಟೆಗೆ ಉಂಡ ಜೀವ ಮತ್ತೆ ಊಟ ಕಾಣುತ್ತಿದ್ದುದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ನಡುವಿನ ಇಪ್ಪತ್ತು ತಾಸುಗಳನ್ನು ಚಹಾ ತುಂಬುತ್ತಿತ್ತು. ರಾತ್ರಿ ಎಂಟೂವರೆಗೆ ಒಂದು ಕಪ್ಪು. ಆಮೇಲೆ ಹತ್ತೂವರೆ, ಹನ್ನೆರಡೂವರೆ, ಎರಡೂವರೆ, ನಾಲ್ಕು, ಐದೂವರೆ. ಒಟ್ಟು ಆರು ಕಪ್ಪು. ಪ್ರತಿ ಕಪ್ಪಿಗೆ ಎರಡು ಚಮಚೆ ಸಕ್ಕರೆ. ಮನೆಗೆ ಬಂದೊಡನೆ ಹಸಿವು ತಡೆಯಲಾಗದೆ ನಾಲ್ಕು ರೊಟ್ಟಿ, ಪಲ್ಯ, ಅನ್ನ, ಮೇಲೊಂದು ಚಹಾ. ನಂತರ ಹಾಸಿಗೆ. ಆದರೆ ಎದೆಯುರಿ, ಹುಳಿತೇಗು. ಕಣ್ಣು ಮುಚ್ಚಿದರೂ ನಿದ್ದೆ ಹತ್ತುತ್ತಿರಲಿಲ್ಲ. ಹನ್ನೊಂದಕ್ಕೆ ಹತ್ತಿದ ನಿದ್ದೆ ಎರಡು ಗಂಟೆಗೆಲ್ಲ ಮುಗಿಯುತ್ತಿತ್ತು.

ಹೀಗೆ ಮೂರು ತಿಂಗಳು ಸಾಗಿತು. ಊಟ ಬಿಟ್ಟರೂ ಮೈತೂಕ ಮೂರು ಕಿಲೋ ಏರಿತು. ಬನಶಂಕರಿ ಜಾತ್ರೆಗೆಂದು ಬಾದಾಮಿಗೆ ಹೋದಾಗ ತಾಯಿ ಮಗಳ ಮುಖ ನೋಡಿ, “ಯಾಕವ್ವಾ, ಮಾರಿ ಹಿಂಗ್ಯಾಕ ಬಿಳಚೈತಿ?” ಎಂದು ಕೇಳಿದರು. ಆಕೆ ನಕ್ಕು ಮಾತು ತೇಲಿಸಿದಳು.

ಒಂದು ಬೆಳಗಿನ ಜಾವ ನಗು ಉಳಿಯಲಿಲ್ಲ. ಏಳು ಗಂಟೆ, ಪಾಳಿ ಮುಗಿಯಲು ಇನ್ನೊಂದು ತಾಸು. ಮಧುಮೇಹದ ಒಬ್ಬ ಅಜ್ಜನವರಿಗೆ ನಾಷ್ಟಾಕ್ಕೆ ಮುಂಚೆ 14 ಯೂನಿಟ್ ಇನ್ಸುಲಿನ್ ಕೊಡಬೇಕಾಗಿತ್ತು. ಆಕೆಯ ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಹಾಳೆಯ ಮೇಲಿನ 14 ಆಕೆಯ ದಣಿದ ಕಣ್ಣಿಗೆ 40 ಎಂದು ಕಂಡಿತು. ಸಿರಿಂಜನ್ನು 40ರ ಗೆರೆಯವರೆಗೆ, ಅಂದರೆ ಪೂರ್ತಿ, ತುಂಬಿದಳು. ಇನ್ಸುಲಿನ್ ಕೊಡುವ ಮುನ್ನ ಇನ್ನೊಬ್ಬರಿಗೆ ತೋರಿಸಬೇಕೆಂಬ ಕಟ್ಟುಪಾಡು ಆ ವಾರ್ಡಿನಲ್ಲಿತ್ತು. ಅದೇ ಅಜ್ಜನವರನ್ನು ಉಳಿಸಿತು. ಬಾಗಲಕೋಟೆಯಿಂದ ಬಂದಿದ್ದ ಹಿರಿಯ ದಾದಿ ಸಿರಿಂಜನ್ನು ಕೈಗೆ ತೆಗೆದುಕೊಂಡು, “ಹದಿನಾಲ್ಕಕ್ಕ ಇಷ್ಟ್ಯಾಕ ತುಂಬೀರಿ?” ಎಂದರು. ಆಕೆ ಹಾಳೆಯನ್ನು ಮತ್ತೆ ನೋಡಿದಳು, ನಿಂತಲ್ಲಿಯೇ ಬೆವತುಹೋದಳು.

ಪಾಳಿ ಮುಗಿದ ಮೇಲೆ ಹಿರಿಯ ದಾದಿ ಆಕೆಯನ್ನು ಕೂಡ್ರಿಸಿಕೊಂಡರು. “ಉಪವಾಸದಿಂದ ನನ್ನ ಸಕ್ಕರಿ ಇಳಿದಿರಬೇಕ್ರಿ ಅಕ್ಕಾರ,” ಎಂದಳು ಈಕೆ. ಅವರು ಬೆರಳು ಚುಚ್ಚಿ ನೋಡಿದರು. ಯಂತ್ರ 86 ಎಂದು ತೋರಿಸಿತು. ಅದು ಪೂರ್ತಿ ಸರಿಯಾದ ಮಟ್ಟ!

ಇಲ್ಲಿಯೇ ಬಹುಜನರು ತಪ್ಪು ತಿಳಿಯುತ್ತಾರೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಮಧುಮೇಹವಿಲ್ಲದ, ಔಷಧ ಸೇವಿಸದ ಮನುಷ್ಯನು ಒಂದು ರಾತ್ರಿ ಉಣ್ಣದಿದ್ದರೆ ರಕ್ತದ ಸಕ್ಕರೆ ಸಾಮಾನ್ಯವಾಗಿ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ಹಾಗಾದರೆ ಕೈ ನಡುಗಿದ್ದೇಕೆ? ಖಾಲಿ ಹೊಟ್ಟೆಗೆ ಬಿದ್ದ ಆರು ಕಪ್ಪು ಚಹಾದ ಕೆಫೀನ್, ಅದರ ಮೇಲೆ ತಿಂಗಳುಗಟ್ಟಲೆ ಬಾಕಿಯುಳಿದ ನಿದ್ದೆ ಇದಕ್ಕೆ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ಒಂದು ಕಪ್ಪು ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಕಡಕ್ ಚಹಾದ ಆರು ಕಪ್ಪು ಈ ಎಲ್ಲೆಯನ್ನು ಸುಲಭವಾಗಿ ದಾಟುತ್ತದೆ.

ಕೆಫೀನ್ ಶಕ್ತಿಯನ್ನು ಕೊಡುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತ ಹೋಗಿ, “ದಣಿದಿದ್ದೀಯೆ, ಮಲಗು” ಎಂಬ ಸೂಚನೆಯನ್ನು ಮುಟ್ಟಿಸುತ್ತದೆ. ಕೆಫೀನ್ ಆ ಸೂಚನೆ ತಲುಪುವ ಬಾಗಿಲಲ್ಲಿ ಅಡ್ಡ ಕುಳಿತುಕೊಳ್ಳುತ್ತದೆ. ದಣಿವು ಹೋಗಿರುವುದಿಲ್ಲ, ತಿಳಿಯದಂತಾಗಿರುತ್ತದೆ. ಒಳಗೆ ಬಂದ ಕೆಫೀನಿನ ಅರ್ಧಭಾಗ ಕರಗಲು ಸುಮಾರು ಐದು ತಾಸು ಬೇಕು. ಐದೂವರೆಗೆ ಕುಡಿದ ಚಹಾದ ಅರ್ಧಪಾಲು ಹತ್ತೂವರೆಗೂ ಮೈಯಲ್ಲಿ ಉಳಿದಿರುವಾಗ ಹತ್ತು ಗಂಟೆಗೆ ಹಾಸಿಗೆ ಹಿಡಿದವರಿಗೆ ನಿದ್ದೆ ಹೇಗೆ ಬಂದೀತು? ನಿದ್ದೆ ಕೆಟ್ಟಷ್ಟೂ ಮರುರಾತ್ರಿ ಚಹಾ ಹೆಚ್ಚು ಬೇಕಾಗುತ್ತದೆ. ಚಹಾ ಹೆಚ್ಚಿದಷ್ಟೂ ನಿದ್ದೆ ಕೆಡುತ್ತದೆ.

ಇನ್ನು ತೂಕದ ಮಾತು. ಆರು ಕಪ್ಪಿಗೆ ಹನ್ನೆರಡು ಚಮಚೆ ಸಕ್ಕರೆ ಎಂದರೆ ಸುಮಾರು 60 ಗ್ರಾಂ. ಇಡೀ ದಿನಕ್ಕೆ 50 ಗ್ರಾಮಿನೊಳಗೆ ಇರಬೇಕು, 25 ಗ್ರಾಮಿಗೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. “ಏನೂ ಉಂಡಿಲ್ಲ” ಎನ್ನುತ್ತಿದ್ದ ಆಕೆ ರಾತ್ರಿಯಿಡೀ ಸಕ್ಕರೆಯನ್ನೇ ಉಣ್ಣುತ್ತಿದ್ದಳು. ಬೆಳಿಗ್ಗೆ ಅದರ ಮೇಲೆ ನಾಲ್ಕು ರೊಟ್ಟಿ, ಅನ್ನ ಬಿದ್ದು, ಒಡನೆಯೇ ಮಲಗಿದ್ದರಿಂದ ಹುಳಿ ಮೇಲೇರುತ್ತಿತ್ತು.

ಮೂರನೆಯ ಪೆಟ್ಟು ಕಣ್ಣಿಗೆ ಕಾಣದ್ದು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಬಂದಿತು. ಗರ್ಭಿಣಿಯಲ್ಲದ ಸ್ತ್ರೀಯರಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ತಾಯಿ ಬಾದಾಮಿಯಲ್ಲಿ ಕಂಡ ಬಿಳಚು ಇದೇ. ನಮ್ಮ ಸಜ್ಜೆ, ಜೋಳ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಚಹಾದ ಒಗರು ಅಂಶವಾದ ಟ್ಯಾನಿನ್ ಹೊಟ್ಟೆಯಲ್ಲಿ ಆ ಕಬ್ಬಿಣವನ್ನು ಹಿಡಿದುಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ಊಟದ ಬೆನ್ನಿಗೇ ಚಹಾ ಕುಡಿಯುವವರಿಗೆ ಉಂಡ ಕಬ್ಬಿಣದ ದೊಡ್ಡ ಪಾಲು ದಕ್ಕದೆ ಹೋಗುತ್ತದೆ. ಮೇಲೆ ಹೇಳಿದ ಮಾರ್ಗಸೂಚಿಯೂ ಊಟಕ್ಕೆ ಕನಿಷ್ಠ ಒಂದು ತಾಸು ಮುಂಚೆ, ಒಂದು ತಾಸು ನಂತರ ಚಹಾ ಬೇಡವೆನ್ನುತ್ತದೆ. ರಕ್ತಹೀನತೆಗೆ ಚಹಾ ಒಂದೇ ಕಾರಣವೆಂದು ನಾವು ಹೇಳುವುದಿಲ್ಲ. ತಿಂಗಳ ಸ್ರಾವ, ಹೊಟ್ಟೆಯ ಹುಳು, ಇತರ ಕೊರತೆಗಳೂ ಇರಬಹುದು. ಆದ್ದರಿಂದ ಪರೀಕ್ಷೆಯಾಗದೆ ಊಹೆಯ ಮೇಲೆ ಔಷಧ ಸಲ್ಲದು. ಆಕೆಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಅದನ್ನು ಚಹಾ ಅಥವಾ ಹಾಲಿನೊಡನೆ ತೆಗೆದುಕೊಳ್ಳದೆ ನಿಂಬೆಹಣ್ಣಿನ ನೀರಿನೊಡನೆ ತೆಗೆದುಕೊಳ್ಳಲು ಹೇಳಿದರು.

ಬುದ್ಧಿ ಕಲಿತ ಆಕೆ ಮೊದಲು ಮಾಡಿದ್ದು ಇನ್ನೊಂದು ತಪ್ಪು. ನಡುರಾತ್ರಿ ಎರಡು ಗಂಟೆಗೆ ಹೊಟ್ಟೆ ತುಂಬ ಉಂಡಳು. ಮೈ ಭಾರವಾಗಿ ರೆಪ್ಪೆ ಎಳೆಯಿತು, ಹುಳಿತೇಗು ಹಾಗೆಯೇ ಉಳಿಯಿತು. ಕಾರಣ, ಎಚ್ಚರವಿದ್ದರೂ ದೇಹದ ಒಳಗಡಿಯಾರಕ್ಕೆ ಅದು ರಾತ್ರಿಯೇ. ಆ ಹೊತ್ತಿನಲ್ಲಿ ಉಂಡದ್ದನ್ನು ಸಂಭಾಳಿಸುವ ಶಕ್ತಿ ದೇಹಕ್ಕೆ ಕಡಿಮೆ. 2021ರಲ್ಲಿ ಅಮೆರಿಕೆಯಲ್ಲಿ 19 ಜನ ಆರೋಗ್ಯವಂತ ತರುಣರನ್ನು ಕೃತಕ ರಾತ್ರಿಪಾಳಿಯಲ್ಲಿಟ್ಟು ನೋಡಿದಾಗ, ರಾತ್ರಿ ಉಂಡವರ ರಕ್ತದ ಸಕ್ಕರೆ ಏರಿತು. ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಹಾಗಾಗಲಿಲ್ಲ. ಅದು ಸಣ್ಣ ಪ್ರಯೋಗ, ನಿಜ. ಆದರೂ ಉಪವಾಸ ಬೇಡವೆಂದು ನಡುರಾತ್ರಿಯ ಭೋಜನಕ್ಕೆ ಕೈಹಾಕಬಾರದೆಂಬುದಕ್ಕೆ ಅದು ಸಾಕು.

ಹಿರಿಯ ದಾದಿ ಹಾಕಿಕೊಟ್ಟ ಕ್ರಮ ಹೀಗಿತ್ತು. ಸಂಜೆ ಆರಕ್ಕೆ, ಮನೆ ಬಿಡುವ ಮುನ್ನವೇ ದಿನದ ಮುಖ್ಯ ಊಟ: ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಅನ್ನ, ಮೊಸರು. ಮೊದಲ ಚಹಾ ಒಂಬತ್ತಕ್ಕೆ. ಹನ್ನೊಂದೂವರೆಯ ಸುಮಾರಿಗೆ ಸಣ್ಣ ಬುತ್ತಿ: ಒಂದು ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಎರಡನೆಯ ಮತ್ತು ಕೊನೆಯ ಚಹಾ ಒಂದು ಗಂಟೆಗೆ. ಆಮೇಲೆ ನೀರು, ಮಜ್ಜಿಗೆ ಮಾತ್ರ. ನಾಲ್ಕಕ್ಕೆ ಹಸಿವಾದರೆ ಒಂದು ಹಿಡಿ ಪುಟಾಣಿ ಅಥವಾ ಬಾಳೆಹಣ್ಣು. ಮನೆಗೆ ಬಂದು ಒಂದು ತಟ್ಟೆ ಉಪ್ಪಿಟ್ಟು, ಚಹಾ ಇಲ್ಲ. ಹತ್ತರೊಳಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿದ್ದೆ. ಕೊನೆಯ ಚಹಾಕ್ಕೂ ಹಾಸಿಗೆಗೂ ಹೀಗೆ ಒಂಬತ್ತು ತಾಸಿನ ಅಂತರ ಸಿಕ್ಕಿತು.

ಆರು ಕಪ್ಪಿನಿಂದ ಎರಡಕ್ಕೆ ಒಮ್ಮೆಲೇ ಇಳಿಯಬಾರದೆಂದೂ ಅವರು ಹೇಳಿದ್ದರು. ರೂಢಿಯಾದ ಕೆಫೀನ್ ಥಟ್ಟನೆ ನಿಂತರೆ ತಲೆಶೂಲೆ, ಮಂಕು, ಸಿಡುಕು ಬರುತ್ತವೆ. ಕೆಲವೇ ದಿನಗಳಲ್ಲಿ ಅವು ಹೋಗುತ್ತವಾದರೂ, ಅಷ್ಟರೊಳಗೆ ಜನರು ಸೋತು ಹಳೆಯ ದಾರಿಗೇ ಮರಳುತ್ತಾರೆ. ಆಕೆ ಮೂರು ದಿನಕ್ಕೊಂದು ಕಪ್ಪಿನಂತೆ, ಬೆಳಗಿನ ಜಾವದ ಚಹಾದಿಂದ ಮೊದಲುಮಾಡಿ ಕಡಿಮೆ ಮಾಡಿದಳು. ಇಲ್ಲಿ ಒಂದು ಎಚ್ಚರಿಕೆ: ಈ ಕ್ರಮ ಆರೋಗ್ಯವಂತರಿಗೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ರಾತ್ರಿ ದುಡಿಯುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ನಿಜವಾಗಿಯೂ ಕುಸಿಯಬಹುದು. ಅವರ ಊಟದ ವೇಳೆಯನ್ನು ವೈದ್ಯರೇ ಗೊತ್ತುಮಾಡಬೇಕು.

ಮೂರು ತಿಂಗಳ ನಂತರ ಆಕೆಯ ಹಿಮೋಗ್ಲೋಬಿನ್ 11.4ಕ್ಕೆ ಏರಿತ್ತು, ಮಾತ್ರೆ ಇನ್ನೂ ನಡೆದಿತ್ತು. ಹಗಲು ಐದೂವರೆ, ಆರು ತಾಸು ನಿದ್ದೆ ಬರುತ್ತಿತ್ತು. ರಾತ್ರಿಪಾಳಿಯ ದಣಿವು ಪೂರ್ತಿ ಹೋಗಿರಲಿಲ್ಲ. ಅದು ಊಟದಿಂದಷ್ಟೇ ಹೋಗುವಂಥದೂ ಅಲ್ಲ. ಆದರೆ ಬೆಳಗಿನ ಏಳು ಗಂಟೆಗೆ ಇನ್ಸುಲಿನ್ ತುಂಬುವಾಗ ಕೈ ನಡುಗುತ್ತಿರಲಿಲ್ಲ. ತುಂಬಿದ ಸಿರಿಂಜನ್ನು ಇನ್ನೊಬ್ಬರಿಗೆ ತೋರಿಸುವುದನ್ನು ಮಾತ್ರ ಆಕೆ ಒಂದು ದಿನವೂ ಬಿಡಲಿಲ್ಲ.

ಇಳಕಲ್ಲಿನ ಆ ಮನೆಯಲ್ಲಿ ಈಗ ಸಂಜೆ ಐದೂವರೆಗೆ ಒಲೆ ಹೊತ್ತುತ್ತದೆ. ಸೊಸೆ ಸೀರೆ ಉಟ್ಟು ಬರುವಷ್ಟರಲ್ಲಿ ಅತ್ತೆ ತಾಟು ಇಟ್ಟಿರುತ್ತಾರೆ, ಪಕ್ಕದಲ್ಲಿ ಸಣ್ಣ ಬುತ್ತಿಯ ಗಂಟು. “ಉಂಡರ ನಿದ್ದಿ ಬರತೈತಿ ಅಂತಿದ್ದೆಲ್ಲಾ?” ಎಂದು ಒಮ್ಮೆ ಅವರು ಕೇಳಿದರು. “ಬರತೈತ್ರಿ ಅತ್ತಿ,” ಎಂದಳು ಸೊಸೆ ಬುತ್ತಿ ಎತ್ತಿಕೊಳ್ಳುತ್ತ, “ಈಗ ಮನಿಗೆ ಬಂದ ಮ್ಯಾಲ ಬರತೈತಿ.”