ಭಾಷಾ ಮಾದರಿಗಳ ಬೆಂಚ್‌ಮಾರ್ಕ್ ಅಂಕ ಮತ್ತು ನೈಜ ವಿಶ್ವಾಸಾರ್ಹತೆ

ಬೆಂಚ್‌ಮಾರ್ಕ್ (ಮಾನದಂಡ ಪರೀಕ್ಷೆ) ಎಂದರೆ ಭಾಷಾ ಮಾದರಿಗಳ ಸಾಮರ್ಥ್ಯವನ್ನು ಅಳೆಯಲು ಮೊದಲೇ ಸಿದ್ಧಪಡಿಸಿದ ಪ್ರಶ್ನೆ ಮತ್ತು ಉತ್ತರಗಳ ಸಂಗ್ರಹ. ಮಾದರಿಯು ಎಷ್ಟು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿತು ಎಂಬುದರ ಶೇಕಡಾವಾರು ಲೆಕ್ಕವೇ ಅದರ ಅಂಕ. ನೈಜ ವಿಶ್ವಾಸಾರ್ಹತೆಯು ಇದಕ್ಕಿಂತ ಬೇರೆಯಾದ ಪ್ರಶ್ನೆಯನ್ನು ಕೇಳುತ್ತದೆ: ಒಬ್ಬ ನಿರ್ದಿಷ್ಟ ಬಳಕೆದಾರನು ತನ್ನ ಮಾತಿನಲ್ಲಿ, ತನ್ನ ಊರಿನ ಅಳತೆಗಳಲ್ಲಿ ಪ್ರಶ್ನೆ ಕೇಳಿದಾಗ ಪ್ರತಿ ಸಲವೂ ಸರಿಯಾದ ಉತ್ತರ ದೊರೆಯುವುದೇ? ಮೊದಲನೆಯದು ಹೆಚ್ಚಿದ್ದ ಮಾತ್ರಕ್ಕೆ ಎರಡನೆಯದೂ ಹೆಚ್ಚಿರಬೇಕೆಂದಿಲ್ಲ. ಈ ಅಂತರವನ್ನು ರಾಯಚೂರು ಜಿಲ್ಲೆಯ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಜಮೀನಿನ ಲೆಕ್ಕದ ಮೂಲಕ ಸ್ಪಷ್ಟವಾಗಿ ಕಾಣಬಹುದು.

ಅಂಕವು ಅಳೆಯುವುದೇನು

ಬಹುಚರ್ಚಿತ ಬೆಂಚ್‌ಮಾರ್ಕ್‌ಗಳಲ್ಲಿ ಒಂದಾದ ಎಂಎಂಎಲ್‌ಯು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ 57 ವಿಷಯಗಳಿಗೆ ಸೇರಿದ ಸುಮಾರು 14,000 ಪರೀಕ್ಷಾ ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳಿವೆ. ಏನನ್ನೂ ಅರಿಯದೆ ಊಹಿಸಿದರೂ ಸರಾಸರಿ 25 ಅಂಕ ಬರುತ್ತದೆ. ಗಣಿತದ ಜಿಎಸ್‌ಎಂ8ಕೆ ಸಂಗ್ರಹವನ್ನು ಓಪನ್‌ಎಐ ಸಂಸ್ಥೆ 2021ರಲ್ಲಿ ಹೊರತಂದಿತು. ಅದರಲ್ಲಿ ಶಾಲಾ ಮಟ್ಟದ ಸುಮಾರು 8,500 ಲೆಕ್ಕಗಳಿವೆ. ಕನ್ನಡಕ್ಕೆ ಸಂಬಂಧಿಸಿದಂತೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡವು 2024ರಲ್ಲಿ ಪ್ರಕಟಿಸಿದ ಮಿಲು ಎಂಬ ಸಂಗ್ರಹ ಗಮನಾರ್ಹವಾದುದು. ಇಂಗ್ಲಿಷ್ ಸೇರಿದಂತೆ 11 ಭಾಷೆಗಳ ಸುಮಾರು 80,000 ಪ್ರಶ್ನೆಗಳು ಅದರಲ್ಲಿವೆ. ಇವು ಬಹುಪಾಲು ರಾಷ್ಟ್ರೀಯ ಹಾಗೂ ರಾಜ್ಯ ಮಟ್ಟದ ಸ್ಪರ್ಧಾತ್ಮಕ ಪರೀಕ್ಷೆಗಳಿಂದ ಆಯ್ದವು. ಇಂಗ್ಲಿಷಿನಿಂದ ಅನುವಾದಿಸಿದ ಪ್ರಶ್ನೆಗಳಿಗಿಂತ ಇದು ಉತ್ತಮ ಪ್ರಯತ್ನವೇ ಸರಿ. ಆದರೂ ಇದು ಗ್ರಾಂಥಿಕ ಕನ್ನಡದಲ್ಲಿ ಮುದ್ರಿತವಾದ, ಆಯ್ಕೆಗಳನ್ನು ಮುಂದಿಟ್ಟು ಕೇಳುವ ಪರೀಕ್ಷೆ. ಸಹಾಯವಾಣಿಗೆ ಕರೆ ಮಾಡುವ ರೈತನ ಮುಂದೆ ನಾಲ್ಕು ಆಯ್ಕೆಗಳು ಇರುವುದಿಲ್ಲ.

ಪಹಣಿಯ ಲೆಕ್ಕ: ಒಂದು ಉದಾಹರಣೆ

ಕರ್ನಾಟಕದ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ನಮೂದಿಸಲಾಗುತ್ತದೆ. 40 ಗುಂಟೆಗಳಿಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದೂ, ನಡುವೆ ಚುಕ್ಕೆ ಇಟ್ಟು 2.20 ಎಂದೂ ಬರೆಯುವುದು ವಾಡಿಕೆ. ಈ ಚುಕ್ಕೆ ದಶಮಾಂಶ ಬಿಂದುವಲ್ಲ. 2.20 ಎಂದರೆ ಇಲ್ಲಿ ಎರಡೂವರೆ ಎಕರೆ. ಜಗತ್ತಿನ ಬಹುಪಾಲು ಬರಹದಲ್ಲಿ ಅದೇ ಗುರುತು ಎರಡು ಪೂರ್ಣಾಂಕ ಎರಡು ದಶಾಂಶ ಎಂಬ ಅರ್ಥ ಕೊಡುವುದರಿಂದ, ಅಂತಹ ಬರಹವನ್ನೇ ಹೆಚ್ಚಾಗಿ ಓದಿ ಕಲಿತ ಮಾದರಿಯು ಇಲ್ಲಿ ಎಡವುವ ಸಾಧ್ಯತೆ ಸಹಜವಾಗಿಯೇ ಇದೆ.

ದೇವದುರ್ಗ ತಾಲ್ಲೂಕಿನಲ್ಲಿ ಮಳೆಯಾಶ್ರಿತ ಹತ್ತಿ ಬೆಳೆದ ಒಬ್ಬ ರೈತನ ಪಹಣಿಯಲ್ಲಿ 2.20 ಎಂದಿದೆ ಎಂದು ಭಾವಿಸೋಣ. ಅತಿವೃಷ್ಟಿಯಿಂದ ಬೆಳೆ ಪೂರ್ತಿ ನಾಶವಾಗಿದೆ. 2022ರಿಂದ ಜಾರಿಗೆ ಬಂದ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ. ಮಿತಿ ಎರಡು ಹೆಕ್ಟೇರ್. ಒಂದು ಹೆಕ್ಟೇರಿಗೆ 2.471 ಎಕರೆ. ಎರಡೂವರೆ ಎಕರೆಯನ್ನು ಹೆಕ್ಟೇರಿಗೆ ಪರಿವರ್ತಿಸಿ ಗುಣಿಸಿದರೆ ಸುಮಾರು 8,600 ರೂಪಾಯಿ ಬರುತ್ತದೆ. ಚುಕ್ಕೆಯನ್ನು ದಶಮಾಂಶವೆಂದು ಓದಿದರೆ ಬರುವುದು ಸುಮಾರು 7,570 ರೂಪಾಯಿ. ಇದರಲ್ಲಿ ಗುಣಾಕಾರ, ಭಾಗಾಕಾರಗಳೆಲ್ಲವೂ ಸರಿಯಾಗಿವೆ. ಶಾಲಾ ಗಣಿತದಲ್ಲಿ ಉನ್ನತ ಅಂಕ ಪಡೆದ ಮಾದರಿಯು ಆ ಅಂಕಕ್ಕೆ ತಕ್ಕಂತೆಯೇ ನಡೆದುಕೊಂಡಿದೆ. ತಪ್ಪಾದದ್ದು ಲೆಕ್ಕ ಆರಂಭವಾಗುವ ಮುನ್ನ, ಗುರುತನ್ನು ಓದುವ ಹಂತದಲ್ಲಿ. ಆ ಹಂತವನ್ನು ಜಿಎಸ್‌ಎಂ8ಕೆಯಂತಹ ಪರೀಕ್ಷೆ ಅಳೆಯುವುದೇ ಇಲ್ಲ.

ಎರಡು ಸರ್ವೆ ನಂಬರುಗಳನ್ನು ಕೂಡುವಾಗ ನಷ್ಟ ಇನ್ನೂ ಹೆಚ್ಚುತ್ತದೆ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವವನೊಬ್ಬನಿಗೆ ಒಂದು ಕಡೆ 1.25, ಇನ್ನೊಂದು ಕಡೆ 1.30 ಜಮೀನಿದೆ ಎನ್ನೋಣ. 25 ಮತ್ತು 30 ಗುಂಟೆ ಸೇರಿ 55 ಗುಂಟೆ, ಅಂದರೆ ಒಂದು ಎಕರೆ 15 ಗುಂಟೆ. ಒಟ್ಟು 3 ಎಕರೆ 15 ಗುಂಟೆ. ನೀರಾವರಿ ದರದಲ್ಲಿ ಇದಕ್ಕೆ ಸುಮಾರು 23,220 ರೂಪಾಯಿ. ದಶಮಾಂಶದಂತೆ ಕೂಡಿದವರಿಗೆ 2.55 ಎಕರೆ ದೊರೆತು, ಪರಿಹಾರ ಸುಮಾರು 17,540 ರೂಪಾಯಿಗೆ ಇಳಿಯುತ್ತದೆ. ಐದೂವರೆ ಸಾವಿರಕ್ಕೂ ಮಿಕ್ಕ ವ್ಯತ್ಯಾಸ. ಈ ತಪ್ಪನ್ನು ಗುರುತಿಸಲು ಒಂದು ಸುಲಭ ಸೂಚನೆ ಇದೆ: ಗುಂಟೆಯ ಸ್ಥಾನದಲ್ಲಿ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬರಲು ಸಾಧ್ಯವಿಲ್ಲ. 2.55 ಎಂಬ ವಿಸ್ತೀರ್ಣವನ್ನು ಕಂಡ ಗ್ರಾಮ ಆಡಳಿತಾಧಿಕಾರಿ ಕೂಡಲೇ ಅನುಮಾನಿಸುತ್ತಾನೆ. ಆದರೆ ಮೊದಲ ಉದಾಹರಣೆಯಲ್ಲಿ ಇಂತಹ ಸೂಚನೆ ಇಲ್ಲ. ಉತ್ತರವು ನೋಡಲು ಪೂರ್ತಿ ಸಮಂಜಸವಾಗಿಯೇ ಇರುತ್ತದೆ.

ದರದಲ್ಲಿಯೂ ಇಂತಹುದೇ ತೊಡಕು ಅಡಗಿದೆ. ಅದಕ್ಕೆ ಹಿಂದಿನ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಇತ್ತು, ಮತ್ತು ರಾಜ್ಯ ಸರ್ಕಾರವು ಕೆಲವು ವರ್ಷ ತನ್ನ ಪಾಲಿನಿಂದ ಹೆಚ್ಚುವರಿ ಮೊತ್ತ ಸೇರಿಸಿದ್ದೂ ಉಂಟು. ಬೆಂಚ್‌ಮಾರ್ಕಿನ ಉತ್ತರಸೂಚಿ ಪ್ರಕಟವಾದ ದಿನದಂದು ನಿಂತುಬಿಡುತ್ತದೆ, ಸರ್ಕಾರಿ ಆದೇಶಗಳು ನಿಲ್ಲುವುದಿಲ್ಲ.

ಮಾತಿನ ಕನ್ನಡ

ಮೇಲಿನ ಪ್ರಶ್ನೆಯನ್ನು ದೇವದುರ್ಗದ ಕಡೆ ಕೇಳುವ ಬಗೆಯೇ ಬೇರೆ: "ಎರಡು ಎಕ್ರಿ ಇಪ್ಪತ್ತು ಗುಂಟಿ ಹೊಲದಾಗ ಹತ್ತಿ ಹಾಕಿದ್ವಿ, ಮಳಿಗೆ ಹೋಯ್ತು, ಎಷ್ಟು ರೊಕ್ಕ ಬರ್ತದ?" ಇಲ್ಲಿ "ಮಳಿ" ಎಂದರೆ ಮಳೆ. ಆದರೆ ಗ್ರಾಂಥಿಕ ಕನ್ನಡದಲ್ಲಿ "ಮಳಿಗೆ" ಎಂಬುದು ಅಂಗಡಿ. ಬೆಳೆ ಮಳೆಯಿಂದ ಹಾಳಾಯಿತು ಎಂಬ ಮಾತನ್ನು, ಹತ್ತಿ ಅಂಗಡಿಗೆ ಮಾರಾಟವಾಯಿತು ಎಂದು ಅರ್ಥೈಸಿದರೆ ಪ್ರಶ್ನೆಯು ಪರಿಹಾರದಿಂದ ಮಾರುಕಟ್ಟೆ ಬೆಲೆಗೆ ಜಾರುತ್ತದೆ. ಆಗ ಮಾದರಿಯು ರಾಯಚೂರು ನಗರದ ಹತ್ತಿ ಮಾರುಕಟ್ಟೆಯ ದರವನ್ನು ನಿರರ್ಗಳವಾಗಿ ವಿವರಿಸಬಹುದು. ರೈತ ಕೇಳಿದ್ದು ಅದಲ್ಲ.

ಧ್ವನಿಯ ಮೂಲಕ ಕೇಳುವ ಸೇವೆಗಳಲ್ಲಿ ಮಾತನ್ನು ಬರಹಕ್ಕೆ ಇಳಿಸುವುದು, ಆಶಯವನ್ನು ಗ್ರಹಿಸುವುದು, ನಿಯಮವನ್ನು ಹುಡುಕುವುದು, ಲೆಕ್ಕ ಮಾಡುವುದು ಎಂಬ ಹಂತಗಳು ಒಂದರ ಮೇಲೊಂದು ನಿಂತಿರುತ್ತವೆ. ನಾಲ್ಕು ಹಂತಗಳಲ್ಲಿ ಪ್ರತಿಯೊಂದೂ 100ಕ್ಕೆ 95 ಸಲ ಸರಿಯಿದ್ದು, ತಪ್ಪುಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಒಟ್ಟಾರೆ ಸರಿಯಾಗುವ ಪ್ರಮಾಣ ಸುಮಾರು 81ಕ್ಕೆ ಇಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ನೆರವಿನೊಂದಿಗೆ ನಡೆಸುತ್ತಿರುವ ವಾಣಿ ಯೋಜನೆಯು ಜಿಲ್ಲಾವಾರು ಮಾತಿನ ಧ್ವನಿಮುದ್ರಣಗಳನ್ನು ಸಂಗ್ರಹಿಸುತ್ತಿದೆ. ಆ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಂತಹ ಸಂಗ್ರಹಗಳಿಂದ ಮೊದಲ ಹಂತದ ತಪ್ಪು ಕಡಿಮೆಯಾಗಬಹುದು. ಉಳಿದ ಮೂರು ಹಂತಗಳ ತಪ್ಪು ಹಾಗೆಯೇ ಇರುತ್ತದೆ.

ಕಂಠಪಾಠ ಮತ್ತು ಊಹೆ

ಬೆಂಚ್‌ಮಾರ್ಕ್ ಪ್ರಶ್ನೆಗಳು ಅಂತರಜಾಲದಲ್ಲಿ ಮುಕ್ತವಾಗಿ ದೊರೆಯುವುದರಿಂದ ಅವು ಮಾದರಿಯ ಕಲಿಕೆಯ ಸಾಮಗ್ರಿಯಲ್ಲಿ ಸೇರಿಕೊಳ್ಳಬಹುದು. ಇದನ್ನು ದತ್ತಾಂಶ ಮಾಲಿನ್ಯ ಎನ್ನುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯನ್ನೇ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದೇ ಪತ್ರಿಕೆ ಸಿಕ್ಕಂತೆ. 2024ರಲ್ಲಿ ಸ್ಕೇಲ್ ಎಐ ಸಂಸ್ಥೆಯ ಸಂಶೋಧಕರು ಜಿಎಸ್‌ಎಂ8ಕೆಯ ಮಾದರಿಯಲ್ಲೇ, ಅಷ್ಟೇ ಕಠಿಣತೆಯ ಹೊಸ ಲೆಕ್ಕಗಳನ್ನು ರಚಿಸಿ ಮಾದರಿಗಳನ್ನು ಪರೀಕ್ಷಿಸಿದರು. ಕೆಲವು ಮಾದರಿಗಳ ಅಂಕ ಎದ್ದುಕಾಣುವಂತೆ ಕುಸಿಯಿತು. ಮುಂಚೂಣಿಯ ಮಾದರಿಗಳಲ್ಲಿ ಕುಸಿತ ತೀರಾ ಅಲ್ಪವಾಗಿತ್ತು. ಹಾಗಾಗಿ ಎಲ್ಲ ಉನ್ನತ ಅಂಕವೂ ಕಂಠಪಾಠದ ಫಲ ಎನ್ನುವುದು ಅತಿಶಯೋಕ್ತಿ. ಅದೇ ವರ್ಷ ಆಪಲ್ ಸಂಸ್ಥೆಯ ಸಂಶೋಧಕರು ಆ ಲೆಕ್ಕಗಳಲ್ಲಿನ ಹೆಸರು ಮತ್ತು ಸಂಖ್ಯೆಗಳನ್ನು ಬದಲಿಸಿದಾಗ ಅಂಕಗಳು ಏರುಪೇರಾದದ್ದನ್ನೂ, ಲೆಕ್ಕಕ್ಕೆ ಸಂಬಂಧಿಸದ ಒಂದು ವಾಕ್ಯ ಸೇರಿಸಿದಾಗ ಗಣನೀಯವಾಗಿ ಇಳಿದದ್ದನ್ನೂ ತೋರಿಸಿದರು. ರೈತರ ಪ್ರಶ್ನೆಗಳಲ್ಲಿ ಸಂಬಂಧವಿಲ್ಲದ ವಾಕ್ಯಗಳಿಗೆ ಕೊರತೆಯಿಲ್ಲ: ಹೋದ ವರ್ಷದ ಬೆಳೆ, ತಮ್ಮನ ಪಾಲಿನ ಹೊಲ, ಸಾಲದ ಕಂತು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ.

ಅಂಕ ಕೊಡುವ ವಿಧಾನವೂ ನಡವಳಿಕೆಯನ್ನು ರೂಪಿಸುತ್ತದೆ. ಬಹುಪಾಲು ಬೆಂಚ್‌ಮಾರ್ಕ್‌ಗಳಲ್ಲಿ ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಸೊನ್ನೆ, "ಗೊತ್ತಿಲ್ಲ" ಎಂದರೂ ಸೊನ್ನೆ. ಇಂತಹ ಪದ್ಧತಿಯು ಊಹಿಸುವ ಮಾದರಿಗೆ ಅನುಕೂಲ ಮಾಡಿಕೊಡುತ್ತದೆ ಎಂದು ಓಪನ್‌ಎಐ ಸಂಶೋಧಕರು 2025ರ ಒಂದು ಪ್ರಬಂಧದಲ್ಲಿ ವಾದಿಸಿದ್ದಾರೆ. 2.20 ಎಂಬ ಬರಹ ಕಂಡಾಗ ಅತ್ಯುತ್ತಮ ಪ್ರತಿಕ್ರಿಯೆ ಉತ್ತರವಲ್ಲ, ಮರುಪ್ರಶ್ನೆ: ಇದು ಇಪ್ಪತ್ತು ಗುಂಟೆಯೇ ಅಥವಾ ದಶಮಾಂಶವೇ? ಆ ಮರುಪ್ರಶ್ನೆಗೆ ಇಂತಹ ಪರೀಕ್ಷೆಯಲ್ಲಿ ಅಂಕವಿಲ್ಲ.

ಒಮ್ಮೆ ಸರಿ, ಪ್ರತಿ ಸಲವೂ ಸರಿ

ಭಾಷಾ ಮಾದರಿಯು ಒಂದೇ ಪ್ರಶ್ನೆಗೆ ಬೇರೆ ಬೇರೆ ಸಲ ಬೇರೆ ಉತ್ತರ ನೀಡಬಹುದು. 2024ರಲ್ಲಿ ಸಿಯೆರಾ ಸಂಸ್ಥೆ ಪ್ರಕಟಿಸಿದ ಟೌ-ಬೆಂಚ್ ಈ ಅಂಶವನ್ನು ನೇರವಾಗಿ ಅಳೆಯಿತು. ಒಂದೇ ಗ್ರಾಹಕ ಸೇವೆಯ ಕೆಲಸವನ್ನು ಎಂಟು ಸಲ ಕೊಟ್ಟು, ಎಂಟೂ ಸಲ ಸರಿಯಾದರೆ ಮಾತ್ರ ಗೆಲುವು ಎಂದು ಎಣಿಸಲಾಯಿತು. ಚಿಲ್ಲರೆ ವ್ಯಾಪಾರದ ಕೆಲಸಗಳಲ್ಲಿ ಅಂದಿನ ಮುಂಚೂಣಿಯ ಜಿಪಿಟಿ-4ಒ ಮಾದರಿಗೆ ಈ ಅಳತೆಯಲ್ಲಿ 25ಕ್ಕಿಂತ ಕಡಿಮೆ ಬಂದಿತು.

ಸ್ಥಳೀಯವಾಗಿ ಪರೀಕ್ಷಿಸುವ ವಿಧಾನ

ಮಾದರಿಯೊಂದನ್ನು ಈ ತಾಲ್ಲೂಕುಗಳಲ್ಲಿ ಬಳಸುವ ಮುನ್ನ ಅಲ್ಲಿನ ಜನ ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಸಂಗ್ರಹಿಸಿ, ಕಂದಾಯ ಮತ್ತು ಕೃಷಿ ವಿಷಯ ಬಲ್ಲವರಿಂದ ಉತ್ತರಸೂಚಿ ಬರೆಸಬೇಕಾಗುತ್ತದೆ. ಆ ಸಂಗ್ರಹವನ್ನು ಅಂತರಜಾಲಕ್ಕೆ ಏರಿಸದೆ ಇಟ್ಟುಕೊಳ್ಳುವುದು ಅಗತ್ಯ. ಒಂದೇ ಪ್ರಶ್ನೆಯನ್ನು 2-20, 2.20, "ಎರಡೂವರಿ ಎಕ್ರಿ" ಎಂಬ ಮೂರು ರೂಪಗಳಲ್ಲಿ ಹಲವು ಸಲ ಕೇಳಿದರೆ ತಪ್ಪು ಯಾವ ಹಂತದ್ದೆಂದು ತಿಳಿಯುತ್ತದೆ: ಕೊನೆಯ ರೂಪದಲ್ಲಿ ಸರಿಯಾಗಿ, ನಡುವಿನದರಲ್ಲಿ ಮಾತ್ರ ತಪ್ಪಿದರೆ ದೋಷ ಗುರುತಿನ ಓದಿನಲ್ಲಿದೆ, ಗಣಿತದಲ್ಲಲ್ಲ. ಫಲಿತಾಂಶವನ್ನು ಒಂದೇ ಸರಾಸರಿಯಾಗಿ ಕೊಡುವುದಕ್ಕಿಂತ ಪ್ರಶ್ನೆಯ ಬಗೆಗೆ ಅನುಗುಣವಾಗಿ ಬಿಡಿಸಿ ಕೊಡುವುದು ಮೇಲು. ಒಟ್ಟು 100 ಪ್ರಶ್ನೆಗಳಲ್ಲಿ ಪಹಣಿಯವು ಐದೇ ಇದ್ದು ಐದೂ ತಪ್ಪಾದರೂ, ಉಳಿದವೆಲ್ಲ ಸರಿಯಿದ್ದರೆ ಸರಾಸರಿ 95 ಬರುತ್ತದೆ.

ಇಂತಹ ಪರೀಕ್ಷೆಗೂ ಮಿತಿ ಇದೆ. 100 ಪ್ರಶ್ನೆಗಳಲ್ಲಿ ಒಂದೂ ತಪ್ಪದಿದ್ದರೆ, ಸಂಖ್ಯಾಶಾಸ್ತ್ರದ ಪ್ರಕಾರ ಶೇ. 95ರ ವಿಶ್ವಾಸದೊಂದಿಗೆ ಹೇಳಬಹುದಾದದ್ದು ತಪ್ಪಿನ ಪ್ರಮಾಣ ಸುಮಾರು ಶೇ. 3ಕ್ಕಿಂತ ಹೆಚ್ಚಿಲ್ಲ ಎಂಬುದಷ್ಟೆ. ಅದನ್ನು ಶೇ. 1ಕ್ಕೆ ಇಳಿಸಿ ಹೇಳಲು ಒಂದೂ ತಪ್ಪಿಲ್ಲದ 300 ಪ್ರಶ್ನೆಗಳು ಬೇಕು, ಅದೂ ಮುಂದೆ ಬರಲಿರುವ ಪ್ರಶ್ನೆಗಳು ಸಂಗ್ರಹಿಸಿದ ಪ್ರಶ್ನೆಗಳಂತೆಯೇ ಇದ್ದರೆ ಮಾತ್ರ.